ಕರೆಂಟ್ ಹೋದರೂ ನಿಲ್ಲಬೇಕಾದ ಪ್ರೋಗ್ರಾಂ

ಕೇಳಿದವರು, ಸೋಮವಾರಪೇಟೆ: ಬ್ರೋಕರ್ ಎಪಿಐ ಹಿಡಿದು ಒಂದೇ ಷೇರನ್ನು ಇಂಟ್ರಾಡೇ ಕೊಂಡು ಮಾರುವ ಸಣ್ಣ ಪೈಥಾನ್ ಪ್ರೋಗ್ರಾಂ ಬರೆದಿದ್ದೇನೆ. ತೋಟದ ಮನೆ, ಜೋರು ಮಳೆ ಬಂದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ನಿಲ್ಲಿಸೋಕೆ Ctrl+C ಬಿಟ್ಟರೆ ಬೇರೆ ಏನೂ ಇಟ್ಟಿಲ್ಲ. ನಿಜ ದುಡ್ಡು ಹಾಕುವ ಮುಂಚೆ ಏನಿರಬೇಕು? ಕೈ ಸುಟ್ಟುಕೊಂಡವರು ಹೇಳಿ.

ಗೋಣಿಕೊಪ್ಪ: ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕಣ್ಣ? ಆರ್ಡರನ್ನು MIS ಅಂತ, ಅಂದರೆ ಅವತ್ತೇ ಮುಗಿಸುವ ಇಂಟ್ರಾಡೇ ಆರ್ಡರ್ ಅಂತ ಹಾಕಿ. ಮೂರು ಗಂಟೆ ದಾಟಿದ ಮೇಲೆ ಬ್ರೋಕರೇ ಪೊಸಿಷನ್ ಮುಚ್ಚಿಬಿಡ್ತಾರೆ. ಎಲ್ಲ ಒಂದೇ ಸಲಕ್ಕೆ ನಿಲ್ಲಿಸೋ ಕಿಲ್ ಸ್ವಿಚ್ ಅಂದರೆ ಅದೇ. ನಾನು ಎರಡು ವರ್ಷದಿಂದ ಹಾಗೇ ನಡೆಸ್ತಿದ್ದೇನೆ.

ವಿರಾಜಪೇಟೆ: ಮುಚ್ಚುತ್ತಾರೆ, ಸರಿ. ಆದರೆ ಬೆಳಿಗ್ಗೆ 9:15ಕ್ಕೆ ಕೆಟ್ಟ ಪ್ರೋಗ್ರಾಂ ಅಲ್ಲಿವರೆಗೆ ಸುಮ್ಮನೆ ಕೂರೋದಿಲ್ಲವಲ್ಲ. ನನಗೆ ಆದದ್ದನ್ನು ಹೇಳ್ತೇನೆ, ಅದರಲ್ಲೇ ಉತ್ತರ ಇದೆ.

ಜೂನ್ ತಿಂಗಳು, ಮಧ್ಯಾಹ್ನದ ಹೊತ್ತು, ಹೊರಗೆ ಗಾಳಿಮಳೆ. ಪ್ರೋಗ್ರಾಂ 612 ರೂಪಾಯಿಗೆ 40 ಷೇರು ಕೊಳ್ಳೋಕೆ ಆರ್ಡರ್ ಕಳಿಸಿತು. ಆರ್ಡರ್ ಹೋಯ್ತು, ಉತ್ತರ ಬರುವಷ್ಟರಲ್ಲಿ ನೆಟ್ ಬಿತ್ತು. ಟೈಮ್‌ಔಟ್ ಆದರೆ ಇನ್ನೊಮ್ಮೆ ಕಳಿಸು ಅಂತ ನಾನೇ ಬರೆದಿದ್ದೆ. ನೆಟ್ ಬಂದ ಕೂಡಲೇ ಅದು ಮತ್ತೆ 40 ಕೊಂಡಿತು. ಈಗ ಬ್ರೋಕರ್ ಹತ್ತಿರ 80, ಪ್ರೋಗ್ರಾಂ ಲೆಕ್ಕದಲ್ಲಿ 40. ಬೆಲೆ 606ಕ್ಕೆ ಇಳಿದರೆ ಮಾರು ಅಂತ ಹಾಕಿದ ಸ್ಟಾಪ್‌ಲಾಸ್ ಆರ್ಡರ್ ಕೂಡ 40ಕ್ಕೇ. ಬೆಲೆ ಇಳಿದಾಗ 40 ಮಾರಿ, ‘ಕೆಲಸ ಮುಗೀತು’ ಅಂತ ಲಾಗ್‌ನಲ್ಲಿ ಬರೆದು ಸುಮ್ಮನಾಯ್ತು. ಉಳಿದ 40 ನಾನು ನೋಡುವ ಹೊತ್ತಿಗೆ 598ರಲ್ಲಿತ್ತು. 240 ರೂಪಾಯಿ ಹೋಗಬೇಕಿದ್ದ ಜಾಗದಲ್ಲಿ 800 ಹೋಯ್ತು. ಸಣ್ಣ ಮೊತ್ತ, ನಿಜ. ಆದರೆ 40ರ ಬದಲು 4,000 ಷೇರು ಹಾಕಿದ್ದರೂ ತಪ್ಪು ಇದೇ ಆಗ್ತಿತ್ತು.

ಟೈಮ್‌ಔಟ್ ಅಂದರೆ ಆರ್ಡರ್ ಹೋಗಿಲ್ಲ ಅಂತ ಅರ್ಥ ಅಲ್ಲ. ಹೋಯ್ತೋ ಇಲ್ಲವೋ ಗೊತ್ತಿಲ್ಲ ಅಂತ ಮಾತ್ರ. ಈಗ ನಾನು ಪ್ರತಿ ಆರ್ಡರಿಗೂ ಬೇರೆ ಬೇರೆ `tag` ಕೊಡ್ತೇನೆ. ಉತ್ತರ ಬರದಿದ್ದರೆ ಕೆಲವು ಸೆಕೆಂಡು ಬಿಟ್ಟು ಆರ್ಡರ್ ಪಟ್ಟಿ ತರಿಸಿ ಆ `tag` ಹುಡುಕ್ತೇನೆ. ಎರಡು ಸಲ ನೋಡಿದರೂ ಖಚಿತ ಆಗಲಿಲ್ಲ ಅಂದರೆ ಆ ದಿನದ ವ್ಯಾಪಾರ ಅಲ್ಲಿಗೇ ಮುಗೀತು, ಮರುಪ್ರಯತ್ನ ಇಲ್ಲ. ಜೊತೆಗೆ ದಿನಕ್ಕೆ 12 ಆರ್ಡರ್ ದಾಟಬಾರದು ಅಂತ ಒಂದು ಎಣಿಕೆ. ಪೆದ್ದು ಉಪಾಯ, ಆದರೆ ಕೋಡ್ ಸುತ್ತಿ ಸುತ್ತಿ ಆರ್ಡರ್ ಹಾಕೋಕೆ ಶುರು ಮಾಡಿದರೆ ಮೊದಲು ಹಿಡಿಯೋದು ಇದೇ.

ಶನಿವಾರಸಂತೆ: ನಮ್ಮದು ರೋಬಸ್ಟಾ. ಲಂಡನ್ ರೇಟ್ ಏರಿದ ತಕ್ಷಣ ಚೀಲ ಮಾರೋ ಹಾಗೆ ಇಂಥದ್ದು ಮಾಡಿಕೊಡೋಕೆ ಆಗುತ್ತಾ? ಇಲ್ಲಿ ವ್ಯಾಪಾರಿ ರೇಟ್ ಹೇಳುವಷ್ಟರಲ್ಲಿ ಅದು ಇಳಿದೇ ಹೋಗಿರುತ್ತೆ.

ವಿರಾಜಪೇಟೆ: ಅದು ಬೇರೆ ಕಥೆ ಅಣ್ಣ. ರೇಟ್ ಏರಿತು ಅಂತ ಫೋನಿಗೆ ಮೆಸೇಜ್ ಕಳಿಸೋ ಹಾಗೆ ಮಾಡಬಹುದು. ಗೋಡೌನಿನ ಚೀಲ ಎಪಿಐಗೆ ಸಿಗೋದಿಲ್ಲ.

ಕಿಲ್ ಸ್ವಿಚ್ ಮಾತಿಗೆ ಬರ್ತೇನೆ. ನನ್ನ ಮೊದಲ ಕಿಲ್ ಸ್ವಿಚ್ಚೇ ನನಗೆ ಎರಡನೇ ಪೆಟ್ಟು ಕೊಟ್ಟಿತು. ಒತ್ತಿದ ತಕ್ಷಣ ಇದ್ದ 40 ಷೇರು ಮಾರಿತು, ಆದರೆ 606ರಲ್ಲಿ ಕಾಯ್ತಿದ್ದ ಸ್ಟಾಪ್‌ಲಾಸ್ ಆರ್ಡರ್ ಹಾಗೇ ಉಳೀತು. ಅರ್ಧ ಗಂಟೆ ಕಳೆದು ಬೆಲೆ ಅಲ್ಲಿಗೆ ಬಂತು, ಕೈಯಲ್ಲಿ ಇಲ್ಲದ 40 ಷೇರು ಮಾರಿಹೋಯ್ತು. ನಾನು ಪೇಟೆಯಿಂದ ಮನೆಗೆ ಬಂದು ನೋಡಿದರೆ ಬೆಲೆ 619, ಶಾರ್ಟ್ ಪೊಸಿಷನ್ನಿನಲ್ಲಿ 520 ರೂಪಾಯಿ ನಷ್ಟ. ಅದಕ್ಕೇ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಮುಖ್ಯ. ಝೆರೋಧಾ ಬ್ರೋಕರ್‌ನ ಎಪಿಐ ಆದ ಕೈಟ್ ಕನೆಕ್ಟ್‌ನ ಪೈಥಾನ್ ಲೈಬ್ರರಿಯಲ್ಲಿ ಹೀಗೆ ಬರೆದಿದ್ದೇನೆ:

```python
def kill():
    open("/home/bot/STOP", "w").close()
    for o in kite.orders():
        if o["status"] in ("OPEN", "TRIGGER PENDING"):
            try:
                kite.cancel_order(o["variety"], o["order_id"])
            except Exception:
                pass
    wait_until_cancelled()
    close_positions(kite.positions()["net"])
```

ಕೊನೆಯ ಎರಡು ಫಂಕ್ಷನ್ ನೀವೇ ಬರೆಯಬೇಕು. ಮೊದಲನೆಯದು ಆರ್ಡರ್ ಪಟ್ಟಿಯನ್ನು ಮತ್ತೆ ಮತ್ತೆ ತರಿಸಿ, ಬಾಕಿ ಏನೂ ಉಳಿದಿಲ್ಲ ಅಂತ ಕಂಡ ಮೇಲಷ್ಟೇ ಮುಂದೆ ಬಿಡಬೇಕು. ರದ್ದು ಮಾಡಲು ಹೋದ ಕ್ಷಣದಲ್ಲೇ ಸ್ಟಾಪ್‌ಲಾಸ್ ಹೊಡೆದಿರಬಹುದು, ಆಗ ಪೊಸಿಷನ್ ಆಗಲೇ ಸೊನ್ನೆ ಆಗಿರುತ್ತೆ. ಅದಕ್ಕೆ ಮಾರಬೇಕಾದ ಸಂಖ್ಯೆಯನ್ನು ನಿಮ್ಮ ವೇರಿಯಬಲ್‌ನಿಂದ ತೆಗೆಯಬೇಡಿ, ಕೊನೇ ಗಳಿಗೆಯಲ್ಲಿ ಬ್ರೋಕರನ್ನೇ ಕೇಳಿ.

ಮಡಿಕೇರಿ: ಇವರು ಹೇಳಿದ್ದೆಲ್ಲ ಸರಿ. ಆದರೆ ಆ `kill()` ಎಲ್ಲಿ ಓಡುತ್ತೆ? ಪ್ರೋಗ್ರಾಂ ಇರುವ ಲ್ಯಾಪ್‌ಟಾಪಿನಲ್ಲೇ ಇದ್ದರೆ ಕರೆಂಟ್ ಹೋದಾಗ ಎರಡೂ ಒಟ್ಟಿಗೇ ಸಾಯ್ತವೆ. ನಾನು ತಿಂಗಳ ಬಾಡಿಗೆಗೆ ಮುಂಬೈಯ ಒಂದು ಸಣ್ಣ ಕ್ಲೌಡ್ ಸರ್ವರ್ ತಗೊಂಡು ಎರಡನ್ನೂ ಅಲ್ಲಿಟ್ಟೆ, ಬೇರೆ ಬೇರೆ ಪ್ರೋಗ್ರಾಂ ಆಗಿ. ಕಾವಲು ಪ್ರೋಗ್ರಾಂ ವ್ಯಾಪಾರದ ಕೋಡನ್ನು ನಂಬೋದೇ ಇಲ್ಲ, ಬ್ರೋಕರ್ ಹತ್ತಿರ ಇರುವ ಲೆಕ್ಕವನ್ನಷ್ಟೇ ನೋಡುತ್ತೆ. ದಿನದ ನಷ್ಟ ನಾನು ಇಟ್ಟ ಮಿತಿ ದಾಟಿದರೆ ನನ್ನನ್ನು ಕೇಳದೆ ನಿಲ್ಲಿಸುತ್ತೆ. ಬೆಳಿಗ್ಗೆ ಲಾಗಿನ್ ಆಗಿ ಪಡೆದ ಹೊಸ ಟೋಕನ್ ಅದಕ್ಕೂ ಕೊಡೋದು ಮರೀಬೇಡಿ. ನಿನ್ನೆಯ ಟೋಕನ್ ಹಿಡಿದು ಕೂತ ಕಾವಲುಗಾರ ಬೇಕಾದ ಹೊತ್ತಿಗೆ ಬರೀ ಎರರ್ ಕೊಡ್ತಾನೆ.

ಇನ್ನೊಂದು ವಿಷಯ. ಸೆಬಿ 2025ರ ಫೆಬ್ರವರಿಯಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಎಪಿಐ ಆರ್ಡರುಗಳು ಮೊದಲೇ ನೋಂದಾಯಿಸಿದ ಸ್ಥಿರ ಐಪಿಯಿಂದಲೇ ಬರಬೇಕು. ಫೋನಿನಲ್ಲಿ ಒಂದು ಸ್ಕ್ರಿಪ್ಟ್ ಇಟ್ಟುಕೊಂಡು ತೋಟದಿಂದಲೇ ಎಲ್ಲ ಮಾರ್ತೇನೆ ಅಂದರೆ ನಡೆಯೋದಿಲ್ಲ, ಫೋನಿನ ಐಪಿ ಬೇರೆ. ಫೋನ್ ಸರ್ವರಿಗೆ ‘ನಿಲ್ಲು’ ಅಂತ ಹೇಳಲಿ, ಆರ್ಡರ್ ಸರ್ವರಿನಿಂದ ಹೋಗಲಿ. ಅದೂ ಆಗದಿದ್ದರೆ ಬ್ರೋಕರ್ ಆ್ಯಪ್ ತೆರೆದು ಕೈಯಲ್ಲೇ ಮುಚ್ಚಿ.

ಸೋಮವಾರಪೇಟೆ: ಮೇಡಂ, ಸರ್ವರೇ ಬ್ರೋಕರ್ ಜೊತೆ ಸಂಪರ್ಕ ಕಳೆದುಕೊಂಡರೆ? ಮರಳಿ ಸಿಕ್ಕ ಕೂಡಲೇ ಎಲ್ಲ ಮಾರಿಬಿಡಬೇಕಾ?

ಮಡಿಕೇರಿ: ನಾನು ಮಾರ್ತೇನೆ. ಒಂದು ನಿಮಿಷ ಕುರುಡಾಗಿದ್ದರೆ ಅವತ್ತಿನ ಆಟ ಬಂದ್.

ವಿರಾಜಪೇಟೆ: ನಾನು ಮಾರೋದಿಲ್ಲ. ಸ್ಟಾಪ್‌ಲಾಸ್ ಎಕ್ಸ್‌ಚೇಂಜಿನಲ್ಲಿ ಕಾಯ್ತಿರುತ್ತಲ್ಲ, ಅದಕ್ಕೆ ನನ್ನ ನೆಟ್ ಬೇಕಿಲ್ಲ. ಹೊಸದಾಗಿ ಕೊಳ್ಳೋದನ್ನು ಮಾತ್ರ ನಿಲ್ಲಿಸಿ ಲೆಕ್ಕ ತಾಳೆ ನೋಡ್ತೇನೆ. ಐದು ಸೆಕೆಂಡಿನ ತೊಂದರೆಗೆಲ್ಲ ಮಾರುತ್ತಾ ಕೂತರೆ ಖರ್ಚೇ ಲಾಭ ತಿನ್ನುತ್ತೆ.

ಮಡಿಕೇರಿ: ನಿಮ್ಮ ಸ್ಟಾಪ್‌ಲಾಸ್‌ಗೆ ಲಿಮಿಟ್ ಬೆಲೆ ಇದೆ, ಅದಕ್ಕಿಂತ ಕೆಳಗೆ ಅದು ಮಾರೋದಿಲ್ಲ. ಬೆಲೆ ಅದನ್ನು ಹಾರಿ ಕೆಳಗೆ ಬಿದ್ದರೆ ಆರ್ಡರ್ ಅಲ್ಲೇ ನಿಂತಿರುತ್ತೆ, ಷೇರು ನಿಮ್ಮ ಹತ್ತಿರವೇ.

ವಿರಾಜಪೇಟೆ: ಅದು ಹೌದು. ಆದರೂ ನಾನು ಮಾರೋದಿಲ್ಲ.

ಗೋಣಿಕೊಪ್ಪ: ಶಾರ್ಟ್ ಆದ ಕಥೆ ಕೇಳಿ ನನ್ನ ಹಳೇ ಆರ್ಡರ್ ಪಟ್ಟಿ ತೆಗೆದು ನೋಡಿದೆ. ಏಪ್ರಿಲ್‌ನಲ್ಲಿ ನಂದೂ ಒಂದು ಸಲ ಹಾಗೇ ಆಗಿತ್ತು. ಅವತ್ತು ಬೆಲೆ ಇಳಿದು ಲಾಭ ಬಂದಿತ್ತು, ಅದಕ್ಕೇ ಗಮನಿಸಿರಲಿಲ್ಲ.

ಸೋಮವಾರಪೇಟೆ: ಎಲ್ಲರಿಗೂ ಥ್ಯಾಂಕ್ಸ್. ಸರ್ವರ್ ತಗೊಂಡು ಒಂದೇ ಷೇರಿನಲ್ಲಿ ಇವತ್ತು ಪರೀಕ್ಷೆ ಮಾಡಿದೆ. `kill()` ಸ್ಟಾಪ್‌ಲಾಸ್ ರದ್ದು ಮಾಡಿತು, ಷೇರು ಮಾರಿತು, ಪ್ರೋಗ್ರಾಂ ನಿಂತಿತು. ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಒಂದು ಷೇರು ಕೊಂಡಿತ್ತು! ನಿಂತ ಪ್ರೋಗ್ರಾಮನ್ನು ಸರ್ವರಿನಲ್ಲಿ ಪ್ರೋಗ್ರಾಂಗಳನ್ನು ನಡೆಸುವ systemd ತಾನೇ ಮತ್ತೆ ಎಬ್ಬಿಸಿದೆ, `Restart=always` ಅಂತ ನಾನೇ ಹಾಕಿದ್ದೆ.

ವಿರಾಜಪೇಟೆ: STOP ಫೈಲ್ ಮಾಡಿದ್ದು ಅದಕ್ಕೇ ಮಾರಾಯ್ರೇ. ಪ್ರೋಗ್ರಾಂ ಎದ್ದ ಕೂಡಲೇ ಒಂದು ಸಲ, ಪ್ರತಿ ಆರ್ಡರಿಗೆ ಮುಂಚೆ ಇನ್ನೊಂದು ಸಲ ಆ ಫೈಲ್ ಇದೆಯಾ ನೋಡಬೇಕು. ಅಳಿಸೋದು ಮಾತ್ರ ನಿಮ್ಮ ಕೈಯಿಂದ, ಮರುದಿನ ಬೆಳಿಗ್ಗೆ, ಲಾಗ್ ಓದಿ ಆದ ಮೇಲೆ.