ಕ್ವಿಕ್ ರೇಶಿಯೋ: ಡ್ಯಾಶ್‌ಬೋರ್ಡಲ್ಲಿ 1.54, ನನ್ನ ಶೀಟಲ್ಲಿ 5.5. ಯಾವುದನ್ನ ನಂಬೋದು?

ಧಾರವಾಡ_ಫೇಡೆ
ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. ಆಗಸ್ಟ್ ತಿಂಗಳಿಗೆ ಬಿಲ್ಲಿಂಗ್ ಡ್ಯಾಶ್‌ಬೋರ್ಡ್ 1.54 ತೋರಿಸ್ತಿದೆ. ಅದೇ ತಿಂಗಳಿಗೆ ನಾನು ಕೂತು ಮಾಡಿದ ಶೀಟಲ್ಲಿ 5.5 ಬರ್ತಿದೆ. ಫಾರ್ಮುಲಾ ಎರಡರಲ್ಲೂ ಒಂದೇ. ಹತ್ತು ಸಲ ನೋಡಿದೆ, ನನ್ನ ಶೀಟಲ್ಲಿ ಕೂಡೋ ತಪ್ಪಿಲ್ಲ. ಶುಕ್ರವಾರ ಹೂಡಿಕೆದಾರರಿಗೆ ಕಳಿಸಬೇಕು. ಡ್ಯಾಶ್‌ಬೋರ್ಡೇ ಕೆಟ್ಟಿದೆ ಅನ್ಸುತ್ತೆ. ಯಾರಿಗಾದ್ರೂ ಹೀಗಾಗಿದೆಯಾ?

ಲೆಡ್ಜರ್_ರಾಯರು
ಕ್ಲೋಸಿಂಗ್ ಸ್ಟಾಕ್ ಕಳೆದಿದ್ದೀರಾ? ಕರೆಂಟ್ ಅಸೆಟ್ಸ್‌ನಲ್ಲಿ ಸ್ಟಾಕ್ ತೆಗೆದ ಮೇಲೇ ಕರೆಂಟ್ ಲಯಬಿಲಿಟೀಸ್‌ನಿಂದ ಭಾಗಿಸಬೇಕು. ವರ್ಷದ ಚಂದಾ ಮುಂಗಡವಾಗಿ ಬಂದಿದ್ದರೆ ಅದು ಹೊಣೆಯ ಬದಿಗೆ ಹೋಗುತ್ತೆ. ರೇಶಿಯೋ ಬೀಳೋದು ಅಲ್ಲೇ.

ಧಾರವಾಡ_ಫೇಡೆ
ರಾಯರೇ, ಅದು ಬ್ಯಾಲೆನ್ಸ್ ಶೀಟಿನ ಕ್ವಿಕ್ ರೇಶಿಯೋ. ನಾನು ಕೇಳ್ತಿರೋದು ಸಾಫ್ಟ್‌ವೇರ್ ಚಂದಾದ್ದು. ಹೊಸ ಗಿರಾಕಿ ಮತ್ತು ಅಪ್‌ಗ್ರೇಡಿಂದ ಬಂದ ಎಂಆರ್‌ಆರ್, ಅಂದ್ರೆ ಪ್ರತಿ ತಿಂಗಳು ಬರೋ ಚಂದಾ ಆದಾಯ, ಮೇಲೆ; ಬಿಟ್ಟುಹೋದದ್ದು ಮತ್ತು ಡೌನ್‌ಗ್ರೇಡ್ ಕೆಳಗೆ.

ಮ್ಯಾಂಡೇಟ್_ಮಂಜು
ಇದು ನೂರಕ್ಕೆ ನೂರು ಆಟೋಡೆಬಿಟ್ ಸಮಸ್ಯೆ ಗುರು. ಆರ್‌ಬಿಐ ನಿಯಮದ ಪ್ರಕಾರ 24 ಗಂಟೆ ಮುಂಚೆ ಗಿರಾಕಿಗೆ ಸೂಚನೆ ಹೋಗಬೇಕು, 15,000 ರೂಪಾಯಿ ದಾಟಿದ್ರೆ ಪ್ರತಿ ಸಲ ಓಟಿಪಿ. ಓಟಿಪಿ ಹಾಕಲ್ಲ, ಪಾವತಿ ಫೇಲ್, ಚಂದಾ ತಾನಾಗೇ ರದ್ದು, ಡ್ಯಾಶ್‌ಬೋರ್ಡ್ ಅದನ್ನ ಚರ್ನ್, ಅಂದ್ರೆ ಗಿರಾಕಿ ಬಿಟ್ಟುಹೋದ ಅಂತ ಬರ್ಕೊಳ್ಳುತ್ತೆ. ಮುಂದಿನ ವಾರ ಅದೇ ಗಿರಾಕಿ ಕಟ್ಟಿದ್ರೆ ಹೊಸಬ. ನಮ್ಮಲ್ಲಿ ಒಂದು ವರ್ಷ ಹೀಗೇ ಆಯ್ತು. ಫೇಲ್ ಆದ ಪಾವತಿಗಳ ಲಾಗ್ ತೆಗೀರಿ.

ಧಾರವಾಡ_ಫೇಡೆ
ನಮ್ಮವರು ಕ್ಲಿನಿಕ್, ನರ್ಸಿಂಗ್ ಹೋಮಿನವರು. ಇನ್‌ವಾಯ್ಸ್ ಕಳಿಸ್ತೀವಿ, ಅವರು ಬ್ಯಾಂಕಿಂದ ಹಾಕ್ತಾರೆ. ಆಟೋಡೆಬಿಟ್ ಇರೋದು ನಾಲ್ಕೈದು ಮಂದಿಗೆ ಅಷ್ಟೇ.

ಮ್ಯಾಂಡೇಟ್_ಮಂಜು
ಆ ನಾಲ್ಕೈದೇ ದೊಡ್ಡ ಅಕೌಂಟ್ ಆಗಿರಬಹುದಲ್ಲ? ಮೊದಲು ಲಾಗ್ ನೋಡಿ ಅಂದೆ.

ಸುಮಾ_ರೆವ್‌ಆಪ್ಸ್
ಊಹೆ ಮಾಡ್ತಾ ಕೂರೋದು ಬೇಡ. ಎರಡೂ ಕಡೆಯ ನಾಲ್ಕು ನಾಲ್ಕು ಅಂಕಿ ಹಾಕಿ. ತಿಂಗಳ ಆರಂಭದ ಎಂಆರ್‌ಆರ್ ಮತ್ತು ಕೊನೆಯದ್ದೂ ಬೇಕು. ರೇಶಿಯೋ ಒಂದನ್ನೇ ನೋಡಿದ್ರೆ ಏನೂ ಗೊತ್ತಾಗಲ್ಲ.

ಧಾರವಾಡ_ಫೇಡೆ
ಆರಂಭ 20,00,000. ಆಗಸ್ಟ್ 31ಕ್ಕೆ ಚಾಲ್ತಿ ಇರೋ ಚಂದಾಗಳನ್ನ ಕೂಡಿದ್ರೆ 22,50,000.
ಡ್ಯಾಶ್‌ಬೋರ್ಡ್: ಹೊಸದು 6,50,000, ಏರಿಕೆ 60,000, ಚರ್ನ್ 4,60,000, ಇಳಿಕೆ 0.
ನನ್ನ ಶೀಟ್: ಹೊಸದು 2,40,000, ಏರಿಕೆ 90,000, ಚರ್ನ್ 60,000. ಇಳಿಕೆಗೆ ಕಾಲಂ ಇಟ್ಟಿದ್ದೆ, ಆದ್ರೆ ಖಾಲಿ ಇದೆ, ಯಾರೂ ಇಳಿದಿಲ್ಲ ಅಂದ್ಕೊಂಡಿದ್ದೆ.

ಸುಮಾ_ರೆವ್‌ಆಪ್ಸ್
ಎರಡೂ ತಪ್ಪು, ತಪ್ಪಿನ ಬಗೆ ಮಾತ್ರ ಬೇರೆ. ನಿಮ್ಮ ಶೀಟಿನ ಪ್ರಕಾರ ಎಂಆರ್‌ಆರ್ 2,70,000 ಏರಬೇಕಿತ್ತು, ಏರಿದ್ದು 2,50,000. ಅಲ್ಲಿ 20,000 ಎಲ್ಲೋ ಜಾರಿದೆ. ಡ್ಯಾಶ್‌ಬೋರ್ಡಲ್ಲಿ ನಿವ್ವಳ ಏರಿಕೆ ಸರಿಯಾಗಿ 2,50,000 ಬಂದಿದೆ, ಆದ್ರೆ ಮೇಲೂ ಕೆಳಗೂ ಒಂದೇ ಹಣ ಉಬ್ಬಿ ಕೂತಿದೆ ಅನ್ಸುತ್ತೆ. ನಿಜವಾದ ಚರ್ನ್ 4,60,000 ಆಗಿದ್ರೆ ನಿಮ್ಮ ಫೋನ್ ಬಿಡುವಿಲ್ಲದೆ ಬಡ್ಕೊಳ್ತಿತ್ತು. ಒಂದೇ ಪ್ರಶ್ನೆ: ಆಗಸ್ಟಲ್ಲಿ ಗಿರಾಕಿಗಳನ್ನ ಹಳೇ ಪ್ಲಾನಿಂದ ಹೊಸದಕ್ಕೆ ಸಾಗಿಸಿದ್ರಾ?

ಧಾರವಾಡ_ಫೇಡೆ
ಹೌದು. 80 ಕ್ಲಿನಿಕ್. ಹಳೇ ಪ್ಲಾನ್ ಮುಚ್ಚಿದ್ವಿ. ಹಳೇ ಚಂದಾ ರದ್ದು ಮಾಡಿ ಹೊಸದು ತೆರೆದ್ವಿ. ಅದು ಹೇಳೋಕೆ ಸಂಬಂಧ ಇದೆ ಅಂತ ಗೊತ್ತಾಗ್ಲಿಲ್ಲ.

ಸುಮಾ_ರೆವ್‌ಆಪ್ಸ್
ಅಲ್ಲೇ ಇದೆ. ಡ್ಯಾಶ್‌ಬೋರ್ಡ್ ಲೆಕ್ಕ ಹಾಕೋದು ಚಂದಾ ಐಡಿ ಹಿಡಿದು. ಹಳೇ ಐಡಿ ಸತ್ತಿದ್ದು ಅದಕ್ಕೆ ಚರ್ನ್, ಹೊಸ ಐಡಿ ಹುಟ್ಟಿದ್ದು ಹೊಸ ಆದಾಯ. ಭಿನ್ನರಾಶಿಯ ಮೇಲೂ ಕೆಳಗೂ ಒಂದೇ ದೊಡ್ಡ ಮೊತ್ತ ಸೇರಿಸಿದ್ರೆ ಅದು 1ರ ಕಡೆಗೆ ಜಾರುತ್ತೆ. ನಿವ್ವಳ ಏರಿಕೆ ಸರಿ ಇದ್ದು ರೇಶಿಯೋ ಮಾತ್ರ ಕುಸಿದಿದ್ರೆ ಮೊದಲು ಇದನ್ನೇ ಅನುಮಾನಿಸಬೇಕು. ಗಿರಾಕಿ ಐಡಿ ಹಿಡಿದು ಮತ್ತೆ ಕೂಡಿ:

```sql
SELECT customer_id,
  SUM(CASE WHEN month='2025-07' THEN mrr ELSE 0 END) AS pre,
  SUM(CASE WHEN month='2025-08' THEN mrr ELSE 0 END) AS post
FROM mrr_monthly
GROUP BY customer_id;
```

`pre` ಸೊನ್ನೆ ಇದ್ದು `post` ಇದ್ರೆ ಹೊಸಬರು, ಅದು ತಿರುಗುಮುರುಗಾದ್ರೆ ಬಿಟ್ಟುಹೋದವರು. ಎರಡೂ ಇದ್ರೆ ವ್ಯತ್ಯಾಸ ಏರಿಕೆಗೋ ಇಳಿಕೆಗೋ ಹೋಗುತ್ತೆ.

ಮ್ಯಾಂಡೇಟ್_ಮಂಜು
ನಾನು ಹೇಳಿದ್ದೂ ಇದೇ ಅಲ್ವಾ? ರದ್ದಾಗಿ ಮತ್ತೆ ಹುಟ್ಟೋದು. ಕಾರಣ ಪಾವತಿನೋ ಪ್ಲಾನೋ, ರೋಗ ಒಂದೇ.

ಸುಮಾ_ರೆವ್‌ಆಪ್ಸ್
ರೋಗ ಒಂದೇ ಮಂಜು ಅವರೇ, ಒಪ್ತೀನಿ. ಆದ್ರೆ ಫೇಲ್ ಲಾಗ್ ನೋಡಿದ್ರೆ ಈ 80 ಮಂದಿ ಸಿಗ್ತಿರಲಿಲ್ಲ.

ಧಾರವಾಡ_ಫೇಡೆ
ಓಡಿಸಿದೆ. ಸಾಗಿಸಿದ 80 ಕ್ಲಿನಿಕ್‌ಗಳ ಹಳೇ ಎಂಆರ್‌ಆರ್ 4,00,000. ಅದರಲ್ಲಿ 60 ಮಂದಿ ಅದೇ ದರದಲ್ಲಿದ್ದಾರೆ. 12 ಮಂದಿ ತಲಾ 2,500 ಜಾಸ್ತಿ ಕೊಡ್ತಿದ್ದಾರೆ. 8 ಮಂದಿ ಚಿಕ್ಕ ಪ್ಲಾನಿಗೆ ಇಳಿದು ತಲಾ 2,500 ಕಡಿಮೆ ಆಗಿದೆ. ನಾನು ಹುಡುಕ್ತಿದ್ದ 20,000 ಇವರದ್ದೇ! ಅಪ್‌ಗ್ರೇಡ್ ಆದವರನ್ನ ಸೇಲ್ಸ್ ಹುಡುಗರು ಖುಷಿಯಿಂದ ಗ್ರೂಪಲ್ಲಿ ಹಾಕಿದ್ರು, ನಾನು ಅಲ್ಲಿಂದಲೇ ಶೀಟಿಗೆ ಬರ್ಕೊಂಡಿದ್ದು. ಇಳಿದವರ ಸುದ್ದಿ ಯಾರೂ ಹಾಕಿರಲಿಲ್ಲ.
ಈಗ ಮೇಲೆ 3,30,000, ಕೆಳಗೆ 80,000. ಅಂದ್ರೆ 4.13. ಆರಂಭ, ಕೊನೆ ಎರಡೂ ತಾಳೆ ಆಯ್ತು.

ಸ್ಕೇಲ್_ಶಂಕರ
ಶಭಾಷ್, 4 ದಾಟಿದ್ರಿ! ಹೂಡಿಕೆದಾರ ಮಮೂನ್ ಹಮೀದ್ ಹೇಳಿದ ಗೆರೆ ಅದೇ. ನಮ್ದು ಕಳೆದ ತಿಂಗಳು 11. ನಾವು ಎಲ್ಲಾ ಡೇಟಾವೇರ್‌ಹೌಸಿಗೆ ಎಳೆದು, ಅಲ್ಲಿಂದ ದಿನಕ್ಕೆರಡು ಸಲ ತಾನಾಗೇ ಲೆಕ್ಕ ಆಗೋ ಹಾಗೆ ಮಾಡಿದ್ದೀವಿ. ಗೋಡೆ ಮೇಲೆ 55 ಇಂಚಿನ ಟಿವಿ ಬೇರೆ.

ಲೆಡ್ಜರ್_ರಾಯರು
ಗಿರಾಕಿಗಳು ಎಷ್ಟು ಜನ ಸ್ವಾಮಿ?

ಸ್ಕೇಲ್_ಶಂಕರ
19. ಬಿಟ್ಟುಹೋದದ್ದು ಒಬ್ಬರೇ, ಚಿಕ್ಕವರು.

ಸುಮಾ_ರೆವ್‌ಆಪ್ಸ್
19 ಗಿರಾಕಿ ಇದ್ದಾಗ ಇನ್ನೊಬ್ಬರು ಹೋದ್ರೆ 11 ಇದ್ದದ್ದು 3 ಆಗಬಹುದು. ಕೆಳಗಿನ ಅಂಕಿ ಸಣ್ಣದಿದ್ದಾಗ ಒಂದು ತಿಂಗಳ ರೇಶಿಯೋಗೆ ಅರ್ಥ ಕಡಿಮೆ. ಫೇಡೆ ಅವರೇ, ಜೂನ್, ಜುಲೈದೂ ಹೀಗೇ ತೆಗೆದು ಮೂರು ತಿಂಗಳ ಮೇಲಿನದ್ದೆಲ್ಲಾ ಒಟ್ಟು, ಕೆಳಗಿನದ್ದೆಲ್ಲಾ ಒಟ್ಟು ಮಾಡಿ ಭಾಗಿಸಿ. ಮೂರು ರೇಶಿಯೋಗಳ ಸರಾಸರಿ ಬೇಡ, ಸಣ್ಣ ತಿಂಗಳು ದೊಡ್ಡ ತಿಂಗಳಷ್ಟೇ ತೂಗಿಬಿಡುತ್ತೆ.

ಧಾರವಾಡ_ಫೇಡೆ
ಜೂನ್: ಮೇಲೆ 2,00,000, ಕೆಳಗೆ 1,00,000. ಜುಲೈ: 2,50,000 ಮತ್ತು 1,20,000. ಮೂರೂ ಸೇರಿ 7,80,000 ಭಾಗಿಸು 3,00,000. 2.6 ಅಷ್ಟೇ. ಇದನ್ನ ಕಳಿಸ್ಲಾ, 4.13 ಕಳಿಸ್ಲಾ?

ಸ್ಕೇಲ್_ಶಂಕರ
4.13 ಕಳಿಸಿ. ಅದು ಸುಳ್ಳಲ್ವಲ್ಲ, ಈ ತಿಂಗಳ ನಿಜ.

ಸುಮಾ_ರೆವ್‌ಆಪ್ಸ್
ಎರಡೂ ಕಳಿಸಿ, ಪಕ್ಕದಲ್ಲಿ ಪ್ಲಾನ್ ಸಾಗಣೆ ಬಗ್ಗೆ ಒಂದು ಸಾಲು. ನನಗೆ ರೇಶಿಯೋಗಿಂತ ಆ 80,000 ಚಿಂತೆ. 20 ಲಕ್ಷಕ್ಕೆ ಅದು ತಿಂಗಳಿಗೆ 4%. ಹೀಗೇ ವರ್ಷ ಪೂರ್ತಿ ಸೋರಿದ್ರೆ ಇವತ್ತಿನ ಗಿರಾಕಿಗಳ ಆದಾಯದಲ್ಲಿ ಸುಮಾರು 39% ಹೋಗುತ್ತೆ. ಹೊಸ ಮಾರಾಟ ಜೋರಾಗಿದ್ರೆ ಕ್ವಿಕ್ ರೇಶಿಯೋ ಅದನ್ನ ಮುಚ್ಚಿಡುತ್ತೆ, ನೋಡೋರು ಸೋರಿಕೆ ಕೇಳೇ ಕೇಳ್ತಾರೆ.

ಮ್ಯಾಂಡೇಟ್_ಮಂಜು
ಬಿಟ್ಟುಹೋಗಿ ಮೂರು ತಿಂಗಳಾದ ಮೇಲೆ ವಾಪಸ್ ಬಂದವರನ್ನ ಈ ಕ್ವೆರಿ ಹೊಸಬರು ಅನ್ನುತ್ತೆ. ಅವರನ್ನ ಮೇಲೆ ಸೇರಿಸೋದು ನ್ಯಾಯ ಅಲ್ಲ.

ಲೆಡ್ಜರ್_ರಾಯರು
ಹೋದಾಗ ಕೆಳಗೆ ಹಾಕಿದ್ದೀರಲ್ಲ, ಬಂದಾಗ ಮೇಲೆ ಹಾಕಲೇಬೇಕು. ಇಲ್ಲದಿದ್ರೆ ತಾಳೆ ಆಗೋದು ಹೇಗೆ?

ಮ್ಯಾಂಡೇಟ್_ಮಂಜು
ತಾಳೆ ಬೇರೆ, ಬೆಳವಣಿಗೆ ಬೇರೆ ರಾಯರೇ. ಬೇರೆ ಸಾಲಲ್ಲಿ ತೋರಿಸಿ.

ಧಾರವಾಡ_ಫೇಡೆ
ಎರಡೂ ಕಳಿಸ್ತೀನಿ, ಸುಮಾ ಮೇಡಂ. ಇನ್ನೊಂದು ಸಿಕ್ಕಿಹಾಕೊಂಡಿದೆ. ಮೂರು ಕ್ಲಿನಿಕ್ ಮಾಲೀಕರು ಬದಲಾಗಿ ಹೊಸ ಜಿಎಸ್‌ಟಿ ನಂಬರಲ್ಲಿ ಹೊಸ ಗಿರಾಕಿ ಐಡಿ ಆಗಿದೆ. ಡಾಕ್ಟರು, ಕಂಪ್ಯೂಟರು, ಕೌಂಟರಲ್ಲಿ ಕೂತಿರೋ ಅಕ್ಕ ಎಲ್ಲಾ ಅವರೇ. ಚರ್ನಲ್ಲೂ ಹೊಸದರಲ್ಲೂ ಮೂರೂ ಬಂದಿವೆ. ಕೈಯಿಂದ ಸೇರಿಸಿಬಿಡ್ಲಾ?

ಸುಮಾ_ರೆವ್‌ಆಪ್ಸ್
ಹೊಸ ಮಾಲೀಕರು ಹೊಸದಾಗಿ ಒಪ್ಪಂದಕ್ಕೆ ಸಹಿ ಹಾಕಿದ್ರಾ, ಅಥವಾ ಹಳೇದೇ ಮುಂದುವರೀತಾ?

ಧಾರವಾಡ_ಫೇಡೆ
ಒಬ್ಬರು ಹಾಕಿದ್ದಾರೆ. ಉಳಿದಿಬ್ಬರದ್ದು ಸೋಮವಾರ ಫೋನ್ ಮಾಡಿ ಕೇಳಬೇಕು.