ಅಪ್‌ಡೇಟ್: ಕೋಟೆ ಕಾವಲುಗಾರನ if ಸರಪಳಿ ಬಿಟ್ಟು ಅಂಕಕ್ಕೆ ಬಂದೆ

ನಾನು ಕೇಳಿದ್ದು: "ಸದಾಶಿವಗಡ ಕೋಟೆ ಇಟ್ಟುಕೊಂಡು ಗೇಮ್ ಮಾಡ್ತಿದ್ದೇನೆ. ಕಾವಲುಗಾರನ if-else ಬೆಳೆದು ಗೋಜಲಾಗಿದೆ. ಬೇರೆ ದಾರಿ ಇದೆಯಾ?"

ನೀವು ಹೇಳಿದ ಹಾಗೆ ಪ್ರತಿ ಕೆಲಸಕ್ಕೂ ಅಂಕ ಕೊಟ್ಟೆ. ಜಾಸ್ತಿ ಅಂಕ ಬಂದದ್ದು ನಡೆಯುತ್ತದೆ. `h` ಜೀವ, `n` ಆಟಗಾರ ಎಷ್ಟು ಹತ್ತಿರ ಅನ್ನೋದು, `ammo` ಗುಂಡಿದ್ದರೆ 1, ಇಲ್ಲದಿದ್ದರೆ 0. ಎಲ್ಲವೂ 0ರಿಂದ 1ರೊಳಗೆ.

```
attack = h * ammo
flee   = (1 - h)^2 * n
```

ವರ್ಗ ಮಾಡಿದ್ದರಿಂದ ಸಣ್ಣ ಗಾಯಕ್ಕೆಲ್ಲ ಅವನು ಓಡುವುದಿಲ್ಲ.

ಆದರೆ ಜೀವ 0.3 ಆದಾಗ ಕಾವಲುಗಾರ ಬಾಗಿಲ ಹತ್ತಿರ ನಡುಗತೊಡಗಿದ. ತಲೆಯ ಮೇಲೆ ಅಂಕಗಳನ್ನು ತೋರಿಸಿ ನೋಡಿದೆ. `n` 0.8 ಇದ್ದಾಗ ಓಟಕ್ಕೆ 0.39, ದಾಳಿಗೆ 0.3. ಸರಿ, ಓಡಿದ. ಸ್ವಲ್ಪ ದೂರ ಹೋದಾಗ `n` 0.6, ಓಟದ ಅಂಕ 0.29. ಮತ್ತೆ ತಿರುಗಿದ! ನಮ್ಮ ಕಾಳಿ ಅಳಿವೆಯ ನೀರಿನ ಹಾಗೆ ಅತ್ತಿತ್ತ.

ಅದಕ್ಕೆ ಈಗ ನಡೆಯುತ್ತಿರುವ ಕೆಲಸದ ಅಂಕವನ್ನು 1.25ರಿಂದ ಗುಣಿಸಿದೆ. ಓಡುತ್ತಿರುವವನು `n` 0.49ಕ್ಕಿಂತ ಇಳಿದ ಮೇಲೇ ತಿರುಗುತ್ತಾನೆ. ದಾಳಿಗಿಳಿದವನು `n` ಸುಮಾರು 0.77 ದಾಟಿದರೆ ಮಾತ್ರ ಮತ್ತೆ ಓಡುತ್ತಾನೆ. ನಡುಕ ನಿಂತಿತು.

ಕೂಡಿಸುವ ಬದಲು ಗುಣಿಸಿದ್ದು ಬೇಕಂತಲೇ. 0.1 ಕೂಡಿಸಿದರೆ ಗುಂಡು ಖಾಲಿಯಾದವನ ದಾಳಿಗೂ ಅಂಕ ಉಳಿಯುತ್ತದೆ. ಗುಣಿಸಿದರೆ ಸೊನ್ನೆ ಸೊನ್ನೆಯೇ ಅಲ್ವಾ?

ಸಾಯುವುದು, ಏಟಿಗೆ ತತ್ತರಿಸುವುದು ಇನ್ನೂ if ಒಳಗೇ ಇವೆ. ಅಲ್ಲಿ ಆಯ್ಕೆಯೇ ಇಲ್ಲ, ಅಂಕ ಯಾಕೆ?