ಶ್ಯಾಡೋ ಪ್ರೈಸ್ 20 ಅಂದರೆ ಗಂಟೆಗೆ ಎಷ್ಟು ಕೊಡಬಹುದು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಲೀನಿಯರ್ ಪ್ರೋಗ್ರಾಮಿಂಗ್ ಗೊತ್ತಿರುವವರು ದಯವಿಟ್ಟು ನೋಡಿ. ಲೆಕ್ಕ ಇದು:

```
max 40x + 30y
2x + y <= 100   (ಯಂತ್ರದ ಗಂಟೆ)
x + y <= 80     (ಕೆಲಸಗಾರರ ಗಂಟೆ)
x, y >= 0
```

ಉತ್ತರ x=20, y=60, ಲಾಭ 2600. ಕೆಲಸಗಾರರ ಗಂಟೆ 81 ಮಾಡಿದರೆ x ಒಂದು ಇಳಿದು 19 ಆಗುತ್ತದೆ, y ಎರಡು ಏರಿ 62 ಆಗುತ್ತದೆ, ಲಾಭ 2620. ಹಾಗಾಗಿ ಕೆಲಸಗಾರರ ಗಂಟೆಯ ಶ್ಯಾಡೋ ಪ್ರೈಸ್, ಅಂದರೆ ಒಂದು ಗಂಟೆ ಹೆಚ್ಚಿದರೆ ಏರುವ ಲಾಭ, 20 ಎಲ್ಲಿಂದ ಬಂತು ಅನ್ನೋದು ಅರ್ಥವಾಯಿತು. ಕೆಲಸಗಾರರ ಗಂಟೆ 100 ದಾಟಿದ ಮೇಲೆ ಲಾಭ 3000ಕ್ಕೇ ನಿಲ್ಲುತ್ತದೆ, ಏಕೆಂದರೆ ಅಷ್ಟರಲ್ಲಿ x ಸೊನ್ನೆಯಾಗಿ, ಯಂತ್ರದ ಗಂಟೆಯೆಲ್ಲ y ಪಾಲಾಗಿರುತ್ತದೆ. ಇದೂ ಸರಿ.

ತಲೆಕೆಡಿಸಿರುವುದು ಬೇರೆ. 40, 30 ಎಂಬ ಲಾಭದಲ್ಲಿ ಗಂಟೆಗೆ 12ರಂತೆ ಕೂಲಿ ಮೊದಲೇ ಕಳೆದಿದೆ. ಹಾಗಿದ್ದರೆ ಓವರ್‌ಟೈಮ್‌ಗೆ ಗಂಟೆಗೆ ಹೆಚ್ಚೆಂದರೆ 20 ಕೊಡಬಹುದೋ, 32ರವರೆಗೂ ಹೋಗಬಹುದೋ? ನನಗೆ 32 ಅನ್ನಿಸುತ್ತದೆ. ಕೂಲಿ ಕಳೆಯದೆ ಲಾಭ ಬರೆದಿದ್ದರೆ ಶ್ಯಾಡೋ ಪ್ರೈಸೇ ಬದಲಾಗುತ್ತಿತ್ತಲ್ಲವೇ? ಕಾರಣ ಸಮೇತ ಹೇಳಿ.